ಎಂಟು ವಾರದ ಕ್ಯಾಡ್ ಕ್ಲಾಸು: ಮೊದಲ ಎರಡು ವಾರ ಕಂಪ್ಯೂಟರ್ ಆನ್ ಮಾಡಲ್ಲ

ಪೀಣ್ಯದಲ್ಲಿ ಸಂಜೆ ಕ್ಲಾಸ್ ಶುರು ಮಾಡಿದಾಗ ನಾನೂ ಎಲ್ಲರ ಹಾಗೇ ಮೊದಲ ದಿನದಿಂದಲೇ ಕಮಾಂಡ್ ಕಲಿಸಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿದ ಹುಡುಗರು ಎಂಟು ವಾರದಲ್ಲಿ ಸೊಗಸಾಗಿ ಮನೆ ಪ್ಲಾನ್ ಹಾಕುತ್ತಿದ್ದರು. ಆಮೇಲೆ ಒಂದು ಕಂಪನಿಯವರು ಇಂಟರ್‌ವ್ಯೂನಲ್ಲಿ ಕೈಗೆ ಒಂದು ಪುಲ್ಲಿ, ಒಂದು ವರ್ನಿಯರ್ ಕೊಟ್ಟು, ‘ಇದರ ಡ್ರಾಯಿಂಗ್ ಮಾಡಿ’ ಅಂದರು. ಹೋದ ಹನ್ನೊಂದು ಜನರಲ್ಲಿ ಒಬ್ಬನೇ ಪಾಸಾದ. ಅವನಿಗೂ ಅಪ್ಪನ ಗ್ಯಾರೇಜಲ್ಲಿ ವರ್ನಿಯರ್ ಹಿಡಿದು ಗೊತ್ತಿತ್ತು, ಅಷ್ಟೇ.

ಮುಂದಿನ ಬ್ಯಾಚಿನಿಂದ ಮೊದಲ ಎರಡು ವಾರ ಬರೀ ಪಾರ್ಟು, ವರ್ನಿಯರ್, ಪೆನ್ಸಿಲ್. ‘ಕಂಪ್ಯೂಟರ್ ಕ್ಲಾಸ್ ಅಂತ ದುಡ್ಡು ತಗೊಂಡು ಪೆನ್ಸಿಲ್ ಕೊಡ್ತೀರಾ?’ ಅಂತ ಒಬ್ಬರು ತಂದೆ ಜಗಳಕ್ಕೇ ಬಂದರು. ಮೂವರು ಬಿಟ್ಟು ಹೋದರು. ಫೀಸು 4,500 ರೂಪಾಯಿ, ವಾಪಸ್ ಕೊಟ್ಟೆ. ನಾಲ್ಕು ಮಷಿನ್‌ಗೆ ಆಟೋಕ್ಯಾಡ್ ಎಲ್‌ಟಿ ಲೈಸೆನ್ಸ್ ಕಟ್ಟಿದ್ದೆ, ಉಳಿದವಕ್ಕೆ ಪುಕ್ಕಟೆ ಸಿಗುವ ಲಿಬ್ರೆಕ್ಯಾಡ್. ಆ ತಿಂಗಳು ರೂಮಿನ ಬಾಡಿಗೆ ಕೈಯಿಂದಲೇ ಹೋಯಿತು.

ಮೂರು, ನಾಲ್ಕನೇ ವಾರ ಇಪ್ಪತ್ತು ಕಮಾಂಡ್, ಅದಕ್ಕಿಂತ ಒಂದೂ ಜಾಸ್ತಿ ಇಲ್ಲ. ಐದರಲ್ಲಿ ಡೈಮೆನ್ಷನ್, ಆರರಲ್ಲಿ ಫಿಟ್, ಟಾಲರೆನ್ಸ್, ಶೀಟ್, ಪ್ರಿಂಟು. ಎಂಟನೇ ವಾರ ಪರೀಕ್ಷೆ. ಆದರೆ ನನ್ನ ಕ್ಲಾಸಿನ ಜೀವ ಇರುವುದು ಏಳನೇ ವಾರದಲ್ಲಿ. ಹುಡುಗರ ಡ್ರಾಯಿಂಗ್ ತಗೊಂಡು ಹಿಂದಿನ ರಸ್ತೆಯ ಲೇತ್ ಶಾಪಿಗೆ ಹೋಗುತ್ತೇವೆ. ಟರ್ನರ್ ಹತ್ತಿರ ಏನೂ ವಿವರಿಸುವ ಹಾಗಿಲ್ಲ. ಹಾಳೆಯಲ್ಲಿ ಇದ್ದದ್ದನ್ನೇ ಅವನು ಮಾಡುತ್ತಾನೆ.

ಮೊದಲ ಸಲವೇ ಎಡವಟ್ಟಾಯಿತು. ಒಂದು ಪಂಪಿನ ಕಪ್ಲಿಂಗ್, ಮೂರು ಹೋಲು. ನಾಲ್ಕು ಹೋಲಿದ್ದರೆ ಎದುರುಬದುರಿನ ಎರಡರ ಹೊರ ಅಂಚಿಂದ ಹೊರ ಅಂಚಿಗೆ ಅಳೆದು, ಒಂದು ಹೋಲಿನ ಸೈಜ್ ಕಳೆದರೆ ಪಿಸಿಡಿ, ಅಂದರೆ ಎಲ್ಲ ಹೋಲುಗಳ ಸೆಂಟರ್ ಮೇಲೆ ಹಾದುಹೋಗುವ ವೃತ್ತದ ವ್ಯಾಸ, ಸಿಕ್ಕಿಬಿಡುತ್ತದೆ. ಮೂರಿದ್ದಾಗ ಎದುರಿಗೆ ಹೋಲೇ ಇರಲ್ಲ ಅಲ್ವಾ? ಹುಡುಗ ಪಕ್ಕಪಕ್ಕದ ಎರಡು ಹೋಲಿಗೆ ವರ್ನಿಯರ್ ಹಾಕಿದ. ಹೊರಗಿಂದ ಹೊರಗೆ 89, ಹೋಲು 11, ಕಳೆದರೆ 78. ಅಳತೆ ಸರಿಯಾಗೇ ಇತ್ತು. ಅದನ್ನೇ ಪಿಸಿಡಿ 78 ಅಂತ ಬರೆದುಬಿಟ್ಟ. ನಾನೂ ಸಹಿ ಹಾಕಿದೆ! ಟರ್ನರ್ 78ಕ್ಕೇ ಡ್ರಿಲ್ ಹೊಡೆದ. ಒಂದು ಬೋಲ್ಟೂ ಕೂರಲಿಲ್ಲ. ನಿಜವಾದ ಪಿಸಿಡಿ 90. ಮೆಟೀರಿಯಲ್ಲು, ಕೂಲಿ ಸೇರಿ ಹೆಚ್ಚುಕಡಿಮೆ 500 ರೂಪಾಯಿ ನೀರಲ್ಲಿ ಹೋಮ.

ಸೈನ್ ಟೀಟಾ ಅಂದರೆ ನಮ್ಮ ಹುಡುಗರ ಮುಖ ಬಾಡುತ್ತದೆ. ಅದಕ್ಕೇ ಗೋಡೆ ಮೇಲೆ ಮೂರು ಸಾಲು ಬರೆದಿದ್ದೇನೆ. ಪಕ್ಕದ ಹೋಲುಗಳ ಸೆಂಟರ್ ದೂರವನ್ನು ಮೂರು ಹೋಲಿದ್ದರೆ 1.155ರಿಂದ, ಐದಿದ್ದರೆ 1.701ರಿಂದ, ಆರಿದ್ದರೆ ಎರಡರಿಂದ ಗುಣಿಸಿ. ಆ ಹಾಳಾದ ಕಪ್ಲಿಂಗೂ ಪಕ್ಕದಲ್ಲೇ ಮೊಳೆಗೆ ನೇತಾಡುತ್ತಿದೆ.

ಇನ್ನೊಂದು ರೋಗ ಕಂಪ್ಯೂಟರಿನದು. ಲೈನು 89.7 ಬಂದಿರುತ್ತದೆ, ಹುಡುಗ ಡೈಮೆನ್ಷನ್ ಮೇಲೆ ಡಬಲ್ ಕ್ಲಿಕ್ ಮಾಡಿ 90 ಅಂತ ಟೈಪ್ ಮಾಡಿಬಿಡುತ್ತಾನೆ. ಪ್ರಿಂಟಲ್ಲಿ ಎಲ್ಲ ಚಂದ. ಅದೇ ಫೈಲು ಲೇಸರ್ ಕಟಿಂಗಿಗೆ ಹೋದರೆ ಪ್ಲೇಟು 89.7ಕ್ಕೇ ಕತ್ತರಿಸಿ ಬರುತ್ತದೆ. ಮಷಿನ್ ನೋಡುವುದು ಲೈನನ್ನು, ಅಕ್ಷರವನ್ನಲ್ಲ. ಆ ಅಂಕಿ ಅಳಿಸಿ `<>` ಹಾಕಿದರೆ ನಿಜವಾದ ಅಳತೆ ಹೊರಬೀಳುತ್ತದೆ. ಇಡೀ ಡ್ರಾಯಿಂಗಿನಲ್ಲಿ ಇಂಥ ಕಳ್ಳ ಡೈಮೆನ್ಷನ್‌ಗಳನ್ನೆಲ್ಲ ಒಂದೇ ಏಟಿಗೆ ಕೆಂಪು ಮಾಡುವ ಪುಟ್ಟ ಲಿಸ್ಪ್ ಪ್ರೋಗ್ರಾಂ ನನ್ನ ಹತ್ತಿರ ಇದೆ. ಅದನ್ನು ಕೊಡಲ್ಲ, ಕೇಳಬೇಡಿ.

ನಡುವೆ ಏನೇನೋ ಮಾಡಿ ನೋಡಿದೆ. ಫಸ್ಟ್ ಆಂಗಲ್, ಅಂದರೆ ಪಾರ್ಟಿನ ಯಾವ ನೋಟ ಹಾಳೆಯಲ್ಲಿ ಎಲ್ಲಿ ಬರಬೇಕು ಅನ್ನುವ ಪದ್ಧತಿ, ಕಲಿಸಲು ಮೂಲಂಗಿ ಕತ್ತರಿಸಿದೆವು. ಅರ್ಧ ಗಂಟೆಗೇ ಬಾಡಿ ಅಂಚು ಮೆತ್ತಗಾಯಿತು. ಹತ್ತು ರೂಪಾಯಿ ಸೋಪೇ ವಾಸಿ. ಹಾಳೆ ಮೇಲಿಟ್ಟು ಬಲಕ್ಕೆ ಹೊರಳಿಸಿದರೆ ಎಡಭಾಗ ಮೇಲೆ ಬರುತ್ತದೆ, ಎಡನೋಟ ಬಲಕ್ಕೆ ಯಾಕೆ ಬರುತ್ತದೆ ಅಂತ ಆಮೇಲೆ ಯಾರೂ ಕೇಳಲಿಲ್ಲ. ಭಾನುವಾರ ಫ್ರೀಕ್ಯಾಡಿನಲ್ಲಿ ತ್ರೀಡಿಯೂ ಕಲಿಸಿದೆ. ಹುಡುಗರಿಗೆ ಖುಷಿಯೋ ಖುಷಿ, ಆದರೆ ಸೋಮವಾರ ಟುಡಿ ಬೇಜಾರು ಅನ್ನತೊಡಗಿದರು. ನಿಲ್ಲಿಸಿದೆ.

ಕೊನೆ ಪರೀಕ್ಷೆ ಸುಲಭ. ಯಾವತ್ತೂ ನೋಡಿರದ ಒಂದು ಪಾರ್ಟು, ಎರಡು ಗಂಟೆ. ಟರ್ನರ್ ಬಂದು ಹಾಳೆ ನೋಡುತ್ತಾನೆ. ಅವನು ‘ಇದರ ದಪ್ಪ ಎಷ್ಟು?’ ಅಂತ ಒಂದು ಪ್ರಶ್ನೆ ಕೇಳಿದರೂ ಫೇಲು. ಯಾವ ಪಾರ್ಟು ಕೊಡುತ್ತೇನೆ ಅನ್ನುವುದು ನನ್ನ ಗುಟ್ಟು.

ಹೋದ ಬ್ಯಾಚಲ್ಲಿ ಹನ್ನೆರಡು ಜನ ಇದ್ದರು. ಎಂಟೋ ಒಂಬತ್ತೋ ಜನರಿಗೆ ಇಲ್ಲೇ ಸುತ್ತಮುತ್ತ ಕೆಲಸ ಸಿಕ್ಕಿತು, ಹೆಚ್ಚಿನವರಿಗೆ ಡ್ರಾಯಿಂಗ್ ರೂಮಲ್ಲಿ, ಇಬ್ಬರಿಗೆ ಇನ್‌ಸ್ಪೆಕ್ಷನ್‌ನಲ್ಲಿ. ಜಗಳಕ್ಕೆ ಬಂದಿದ್ದ ಆ ತಂದೆ ಈ ಸಲ ಎರಡನೇ ಮಗನ್ನ ಕರೆದುಕೊಂಡು ಬಂದರು. ಪೆನ್ಸಿಲ್ ಅವರೇ ತಂದಿದ್ದರು.