ಮೊದಲ ಗಳಿಕೆಯಲ್ಲಿ ಕಡಿತವಾದ ತೆರಿಗೆಯನ್ನು ಮರಳಿ ಪಡೆಯುವುದು ಹೇಗೆ?

ಬೆಂಗಳೂರಿನಲ್ಲಿ ಪದವಿ ಓದುತ್ತಲೇ ವಾರಾಂತ್ಯದಲ್ಲಿ ದುಡಿಯುವ ಮಕ್ಕಳ ಪೈಕಿ ಅನೇಕರಿಗೆ ಮೊದಲ ತಿಂಗಳ ಹಣ ಮಾತಾದಷ್ಟು ಬರುವುದಿಲ್ಲ. ಬಿಸಿಎ ಮೊದಲ ವರ್ಷದಲ್ಲಿರುವ, ಹದಿನೆಂಟು ತುಂಬಿದ ನನ್ನ ಮಗ 2025ರ ಜೂನ್‌ನಲ್ಲಿ ಜಯನಗರದ ಒಂದು ಟ್ಯೂಷನ್ ಕೇಂದ್ರದಲ್ಲಿ ಶನಿವಾರ, ಭಾನುವಾರಗಳಂದು ಮಕ್ಕಳ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಸೇರಿದ. ತಿಂಗಳಿಗೆ 8,000 ರೂಪಾಯಿ ಎಂದು ಮಾತಾಗಿತ್ತು, ಖಾತೆಗೆ ಬಂದದ್ದು 6,400. "ಅಮ್ಮ, 1,600 ಹಿಡಿದುಕೊಂಡಿದ್ದಾರೆ, ಕೇಳಿದರೆ ಟಿಡಿಎಸ್ ಅಂತಾರೆ" ಎಂದ. ಟಿಡಿಎಸ್ ಎಂದರೆ ಹಣ ಕೊಡುವವರೇ ಮೊದಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ. ಆ ಹಣ ಎಲ್ಲಿಗೆ ಹೋಯಿತು, ಹೇಗೆ ಹಿಂದಿರುಗುತ್ತದೆ ಎಂಬುದನ್ನು ಅವನಿಗೆ ವಿವರಿಸಿದ ಕ್ರಮದಲ್ಲಿಯೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಹಣ ಕೊಡುವವರು ನಿಮ್ಮ ಮಗುವನ್ನು ತಮ್ಮ ಲೆಕ್ಕದಲ್ಲಿ ಏನೆಂದು ಬರೆದುಕೊಂಡಿದ್ದಾರೆ ಎಂಬುದು. ನೌಕರ ಎಂದು ಬರೆದಿದ್ದರೆ ಅದು ಸಂಬಳ. ವರ್ಷದ ಅಂದಾಜು ಆದಾಯವು ತೆರಿಗೆಯ ಮಿತಿಯೊಳಗಿದ್ದರೆ ಒಂದು ರೂಪಾಯಿಯನ್ನೂ ಹಿಡಿಯಬೇಕಾಗಿಲ್ಲ. ಆದರೆ ಬಹಳಷ್ಟು ಸಂಸ್ಥೆಗಳು ಇಂಥ ಹುಡುಗರನ್ನು ಕನ್ಸಲ್ಟೆಂಟ್ ಎಂದು ದಾಖಲಿಸಿ, ಕೊಡುವ ಹಣವನ್ನು ವೃತ್ತಿಪರ ಶುಲ್ಕವೆಂದು ತೋರಿಸುತ್ತವೆ. ಆಗ ಲೆಕ್ಕವೇ ಬೇರೆ. 2025-26ರ ಆರ್ಥಿಕ ವರ್ಷದ ನಿಯಮದಂತೆ ಒಬ್ಬರಿಗೆ ಕೊಡುವ ಇಂಥ ಶುಲ್ಕ ವರ್ಷಕ್ಕೆ 50,000 ರೂಪಾಯಿಯನ್ನು ದಾಟುವುದಾದರೆ ಶೇ 10ರಷ್ಟು ತೆರಿಗೆಯನ್ನು ಮೂಲದಲ್ಲೇ ಹಿಡಿಯಬೇಕು, ಪಡೆಯುವವರ ಪ್ಯಾನ್ ಸಂಖ್ಯೆ ಇಲ್ಲದಿದ್ದರೆ ಅದು ಶೇ 20 ಆಗುತ್ತದೆ. ಮಗನ ಹತ್ತು ತಿಂಗಳ ಗಳಿಕೆ 80,000 ಆಗುವುದಿತ್ತು, ಪ್ಯಾನ್ ಅವನ ಬಳಿ ಇರಲಿಲ್ಲ. 1,600ರ ಗುಟ್ಟು ಇಷ್ಟೇ. ಕೆಲಸಕ್ಕೆ ಸೇರುವ ಮುಂಚೆಯೇ "ಇದು ಸಂಬಳವೋ, ಶುಲ್ಕವೋ?" ಎಂದು ಕೇಳಿಕೊಳ್ಳುವುದು ಒಳ್ಳೆಯದು, ಸಂಕೋಚಪಡುವಂಥ ಪ್ರಶ್ನೆಯೇನೂ ಅದಲ್ಲ.

ಎರಡನೆಯ ಹೆಜ್ಜೆ ಪ್ಯಾನ್ ಮಾಡಿಸುವುದು. ಹದಿನೆಂಟು ತುಂಬಿದ್ದು, ಆಧಾರ್‌ಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ Instant e-PAN ಎಂಬ ಸೌಲಭ್ಯದಿಂದ ಹಣ ಕೊಡದೆ ಪ್ಯಾನ್ ಪಡೆಯಬಹುದು. ಹದಿನೆಂಟು ತುಂಬದವರಿಗೆ ಈ ದಾರಿ ಇಲ್ಲ. ಅವರ ಪರವಾಗಿ ತಂದೆ ಅಥವಾ ತಾಯಿ ಸಾಮಾನ್ಯ ಅರ್ಜಿಯನ್ನೇ ಹಾಕಬೇಕು.

ಪ್ಯಾನ್ ಬಂದ ಕೂಡಲೇ ಅದನ್ನು ಕೇಂದ್ರದ ಲೆಕ್ಕ ವಿಭಾಗಕ್ಕೆ ಇಮೇಲ್ ಮೂಲಕ ಕೊಡಿಸಿದೆ. ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಮುಂದೆ ದಾಖಲೆ ಇರುವುದಿಲ್ಲ. ಬಹುತೇಕರು ಎಡವುವುದು ಇಲ್ಲಿಯೇ. ಪ್ಯಾನ್ ಕೊಟ್ಟ ಮೇಲೆ ಜುಲೈನಿಂದ ಕಡಿತ 800ಕ್ಕೆ ಇಳಿಯುತ್ತದೆ, ಎಲ್ಲವೂ ಸರಿಹೋಯಿತು ಎಂದು ಸುಮ್ಮನಾಗುತ್ತಾರೆ. ಆದರೆ ಜೂನ್‌ನ 1,600 ಯಾರ ಹೆಸರಿನಲ್ಲಿ ಸರ್ಕಾರಕ್ಕೆ ಸೇರಿತು? ಪ್ಯಾನ್ ಇಲ್ಲದವರ ಕಡಿತವನ್ನು ಸಂಸ್ಥೆಯು ತನ್ನ ತ್ರೈಮಾಸಿಕ ಟಿಡಿಎಸ್ ವಿವರಪಟ್ಟಿಯಲ್ಲಿ PANNOTAVBL ಎಂದು ನಮೂದಿಸುತ್ತದೆ. ಹಾಗೆ ನಮೂದಾದ ಹಣ ಸರ್ಕಾರದ ಬೊಕ್ಕಸದಲ್ಲಿದ್ದರೂ ಯಾವ ವ್ಯಕ್ತಿಯ ಲೆಕ್ಕಕ್ಕೂ ಜಮೆಯಾಗುವುದಿಲ್ಲ, ಆದ್ದರಿಂದ ಅದನ್ನು ಮರಳಿ ಕೇಳಲೂ ಬರುವುದಿಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ವಿವರಪಟ್ಟಿಯನ್ನು ಸಲ್ಲಿಸಲು ಸಂಸ್ಥೆಗೆ ಜುಲೈ 31ರವರೆಗೆ ಸಮಯವಿರುತ್ತದೆ. ಅದರೊಳಗೆ ಪ್ಯಾನ್ ತಲುಪಿದರೆ ಸಂಖ್ಯೆಯನ್ನು ನೇರವಾಗಿ ಸೇರಿಸುತ್ತಾರೆ, ತಡವಾದರೆ ತಿದ್ದುಪಡಿ ವಿವರಪಟ್ಟಿ ಸಲ್ಲಿಸುವಂತೆ ಕೇಳಬೇಕಾಗುತ್ತದೆ. ನಮ್ಮ ವಿಷಯದಲ್ಲಿ ಪಟ್ಟಿ ಆಗಲೇ ಹೋಗಿತ್ತು. ತಿದ್ದುಪಡಿಗೆ ಒಪ್ಪಿಸಲು ಮಗ ಎರಡು ಮೂರು ಸಲ ನೆನಪು ಮಾಡಬೇಕಾಯಿತು. ಇದು ಸಂಸ್ಥೆಗೆ ಬೇಸರದ ಕೆಲಸ ನಿಜ, ಆದರೆ ಅವರ ಹೊಣೆಯೇ.

ಕಡಿತ ನಿಜವಾಗಿ ಜಮೆಯಾಗಿದೆಯೇ ಎಂದು ನೋಡುವ ಜಾಗ ಫಾರಂ 26ಎಎಸ್. incometax.gov.in ತಾಣದಲ್ಲಿ ಪ್ಯಾನ್‌ನಿಂದ ನೋಂದಾಯಿಸಿಕೊಂಡು, e-File ಪಟ್ಟಿಯಲ್ಲಿನ Income Tax Returns ಅಡಿಯಲ್ಲಿ View Form 26AS ಒತ್ತಿದರೆ ಯಾರು, ಯಾವಾಗ, ಎಷ್ಟು ಹಿಡಿದು ಕಟ್ಟಿದ್ದಾರೆ ಎಂಬುದು ಸಾಲುಸಾಲಾಗಿ ಕಾಣುತ್ತದೆ. ಕಡಿತವಾದ ಮರುದಿನವೇ ಹುಡುಕಿದರೆ ಏನೂ ಸಿಗದು, ತ್ರೈಮಾಸಿಕ ವಿವರಪಟ್ಟಿ ಸಲ್ಲಿಕೆಯಾದ ಮೇಲೆಯೇ ಅದು ಮೂಡುತ್ತದೆ. ಅನಂತರ ಸಂಸ್ಥೆಯಿಂದ ಫಾರಂ 16ಎ ಪ್ರಮಾಣಪತ್ರವನ್ನು ಕೇಳಿ ಪಡೆದು ಎರಡನ್ನೂ ತಾಳೆ ನೋಡಬೇಕು. ಸಂಸ್ಥೆ ಕೊಟ್ಟ ಪಾವತಿ ಚೀಟಿಯಲ್ಲಿ ಕಡಿತವಿದ್ದು, ತಿಂಗಳುಗಳು ಕಳೆದರೂ 26ಎಎಸ್‌ನಲ್ಲಿ ಸಾಲೇ ಮೂಡದಿದ್ದರೆ ಸಂಸ್ಥೆಯು ಹಣವನ್ನು ಕಟ್ಟಿಲ್ಲ, ವಿವರಪಟ್ಟಿ ಸಲ್ಲಿಸಿಲ್ಲ, ಇಲ್ಲವೇ ಸರಿಯಾದ ಪ್ಯಾನ್ ನಮೂದಿಸಿಲ್ಲ ಎಂದು ತಿಳಿಯಬೇಕು.

"ಬ್ಯಾಂಕಿಗೆ ಕೊಡುವ ಹಾಗೆ ಫಾರಂ 15ಜಿ ಕೊಟ್ಟರೆ ಹಿಡಿಯುವುದನ್ನೇ ನಿಲ್ಲಿಸುವುದಿಲ್ಲವೇ?" ಎಂದು ನೆರೆಯವರೊಬ್ಬರು ಕೇಳಿದರು. ಇಲ್ಲ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲವೆಂದು ಘೋಷಿಸುವ, ಬ್ಯಾಂಕ್ ಬಡ್ಡಿಗೆ ನಡೆಯುವ ಆ ಫಾರಂ ವೃತ್ತಿಪರ ಶುಲ್ಕಕ್ಕೆ ನಡೆಯುವುದಿಲ್ಲ. ಕಡಿಮೆ ದರದಲ್ಲಿ ಹಿಡಿಯುವಂತೆ ಇಲಾಖೆಯಿಂದಲೇ ಪ್ರಮಾಣಪತ್ರ ತರುವ ವ್ಯವಸ್ಥೆಯಿದೆ, ಆದರೆ ಇಷ್ಟು ಸಣ್ಣ ಮೊತ್ತಕ್ಕೆ ಆ ಓಡಾಟ ವ್ಯರ್ಥ.

ಹಣ ಹಿಂದಿರುಗುವುದು ರಿಟರ್ನ್ ಸಲ್ಲಿಸಿದಾಗ ಮಾತ್ರ. ಮಾರ್ಚ್‌ವರೆಗಿನ ಲೆಕ್ಕ ಹೀಗಿದೆ: ಜೂನ್‌ನ 1,600, ಉಳಿದ ಒಂಬತ್ತು ತಿಂಗಳಿಗೆ ತಲಾ 800ರಂತೆ 7,200, ಒಟ್ಟು 8,800 ರೂಪಾಯಿ. ಹೊಸ ತೆರಿಗೆ ಪದ್ಧತಿಯಲ್ಲಿ 2025-26ರ ಮೂಲ ವಿನಾಯಿತಿ 4 ಲಕ್ಷ ರೂಪಾಯಿ. 80,000 ಅದರ ಸನಿಹಕ್ಕೂ ಬರುವುದಿಲ್ಲವಾದ್ದರಿಂದ ಹಿಡಿದದ್ದೆಲ್ಲವೂ ವಾಪಸು ಬರಬೇಕಾದ ಹಣ. ಸಂಬಳದವರಿಗೆ ಐಟಿಆರ್-1 ಎಂಬ ರಿಟರ್ನ್ ಫಾರಂ ಸಾಕು, ಶುಲ್ಕವಾಗಿ ಬಂದದ್ದಕ್ಕೆ ಸಾಮಾನ್ಯವಾಗಿ ಐಟಿಆರ್-4 ಅಥವಾ ಐಟಿಆರ್-3 ಬೇಕಾಗುವುದರಿಂದ ಮೊದಲ ವರ್ಷ ಲೆಕ್ಕಪರಿಶೋಧಕರೊಬ್ಬರನ್ನು ಕೇಳಿಯೇ ತುಂಬುವುದು ಮೇಲು. ಮರುಪಾವತಿ ಬರಬೇಕಾದ ಬ್ಯಾಂಕ್ ಖಾತೆಯನ್ನು ಅದೇ ತಾಣದಲ್ಲಿ ಮೊದಲೇ ಊರ್ಜಿತಗೊಳಿಸಿಡಬೇಕು, ರಿಟರ್ನ್ ಸಲ್ಲಿಸಿದ 30 ದಿನಗಳೊಳಗೆ ಆಧಾರ್ ಓಟಿಪಿ ಮೂಲಕ ಅದನ್ನು ದೃಢೀಕರಿಸಬೇಕು. ದೃಢೀಕರಿಸದ ರಿಟರ್ನ್ ಸಲ್ಲಿಸದಂತೆಯೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿರುವುದರಿಂದ ಅಲ್ಲಿಂದ ಮುಂದಿನ ಗಳಿಕೆಗೆ ಸೆಕ್ಷನ್ ಮತ್ತು ಫಾರಂಗಳ ಸಂಖ್ಯೆ ಬೇರೆಯಾಗುತ್ತದೆ.

ಇನ್ನು ಉಳಿತಾಯ. ಕೈಗೆ ಬರುವ 7,200ರಲ್ಲಿ ಎಷ್ಟು ಉಳಿಸಬೇಕೆಂಬುದಕ್ಕಿಂತ ಹಣ ಯಾವ ಖಾತೆಯಲ್ಲಿ ಇರಬೇಕೆಂಬುದನ್ನು ಮೊದಲು ತೀರ್ಮಾನಿಸಿದೆವು. ದುಡಿಮೆಯ ಹಣ ಬೀಳುವ ಖಾತೆಯನ್ನು ಯುಪಿಐಗೆ ಜೋಡಿಸಲಿಲ್ಲ. ಅದರಿಂದ ಪ್ರತಿ ಸೋಮವಾರ 600 ರೂಪಾಯಿ ಮಾತ್ರ ಫೋನಿಗೆ ಜೋಡಿಸಿದ ಇನ್ನೊಂದು ಖಾತೆಗೆ ಹೋಗುತ್ತದೆ. ಮೆಟ್ರೊ, ದರ್ಶಿನಿಯ ಇಡ್ಲಿ-ಕಾಫಿ, ಗೆಳೆಯರ ಹುಟ್ಟುಹಬ್ಬ ಎಲ್ಲವೂ ಅದರಲ್ಲೇ ಆಗಬೇಕು. ಹತ್ತು, ಇಪ್ಪತ್ತು ರೂಪಾಯಿಯ ಸ್ಕ್ಯಾನ್‌ಗಳು ಲೆಕ್ಕಕ್ಕೆ ಸಿಗದೆ ಸೋರುವುದನ್ನು ಬುದ್ಧಿಮಾತಿಗಿಂತ ಈ ಏರ್ಪಾಡು ಚೆನ್ನಾಗಿ ತಡೆಯಿತು. ಹಣ ಬೀಳುವ ದಿನದ ಮರುದಿನಕ್ಕೆ 1,500ರ ಆರ್‌ಡಿ ತಾನಾಗಿಯೇ ಕಡಿತವಾಗುವಂತೆ ಹಾಕಿದೆವು. ಅಂಚೆ ಕಚೇರಿಯ ಆರ್‌ಡಿ ಐದು ವರ್ಷದ್ದಾದ್ದರಿಂದ ಬ್ಯಾಂಕಿನ ಹನ್ನೆರಡು ತಿಂಗಳದ್ದನ್ನೇ ಆರಿಸಿದೆವು. ಶೇ 6 ಬಡ್ಡಿಯೆಂದು ಹಿಡಿದರೆ 18,000ಕ್ಕೆ ಸುಮಾರು 590 ಸೇರುತ್ತದೆ. ಬಡ್ಡಿ ದೊಡ್ಡದೇನಲ್ಲ, ಆದರೆ ಮಧ್ಯದಲ್ಲಿ ಮುರಿಯಲು ಮನಸ್ಸು ಬಾರದಷ್ಟು ಹತ್ತಿರದ ಗಡುವು ಅದು. ಉಳಿದದ್ದು ಮುಂದಿನ ಸೆಮಿಸ್ಟರ್‌ನ ಶುಲ್ಕಕ್ಕೆಂದು ಅದೇ ಖಾತೆಯಲ್ಲಿರುತ್ತದೆ.

ಮಗುವಿಗೆ ಹದಿನೆಂಟು ತುಂಬಿಲ್ಲವಾದರೆ ಒಂದು ಸೂಕ್ಷ್ಮವಿದೆ. ಸ್ವಂತ ದುಡಿಮೆ ಅಥವಾ ಕೌಶಲದಿಂದ ಗಳಿಸಿದ್ದು ಮಗುವಿನ ಆದಾಯವೆಂದೇ ಲೆಕ್ಕ. ಆದರೆ ಆ ಹಣವನ್ನು ಆರ್‌ಡಿಯಲ್ಲಿಟ್ಟು ಬಂದ ಬಡ್ಡಿಯನ್ನು ತಂದೆ-ತಾಯಿಯರಲ್ಲಿ ಯಾರ ಆದಾಯ ಹೆಚ್ಚೋ ಅವರ ಆದಾಯಕ್ಕೆ ಸೇರಿಸುತ್ತಾರೆ, ಹಾಗಾಗಿ ನಿಮ್ಮ ರಿಟರ್ನ್ ತುಂಬುವಾಗ ಆ ಬಡ್ಡಿಯನ್ನೂ ನೀವೇ ತೋರಿಸಬೇಕು.