‘ಎಕ್ಸ್‌ಪೋಷರ್ ಟೈಮ್ ಕಡಿಮೆ ಮಾಡಿ’ ಅಂದ್ರೆ ಯಾವ ಟೈಮ್?

ನಾನು ವೆಲ್ಡಿಂಗ್ ಜಾಯಿಂಟ್‌ಗಳ ರೇಡಿಯೋಗ್ರಫಿ, ಅಂದರೆ ವಿಕಿರಣ ಹಾಯಿಸಿ ಜಾಯಿಂಟಿನ ಒಳಗಿನ ಚಿತ್ರ ತೆಗೆಯುವ ಕೆಲಸ, ಮಾಡಿಕೊಂಡು ಬಂದವನು. ಈಗ ಹೆಚ್ಚಾಗಿ ಹೊಸ ಹುಡುಗರಿಗೆ ತರಬೇತಿ ಕೊಡುತ್ತೇನೆ. ಪೀಣ್ಯದ ಕಡೆಯ ಒಂದು ಫ್ಯಾಬ್ರಿಕೇಶನ್ ಶಾಪ್‌ನವರು ತಮ್ಮ ಇಂಗ್ಲಿಷ್ ಸುರಕ್ಷತಾ ಸೂಚನೆಗಳನ್ನು ಕನ್ನಡಕ್ಕೆ ತರಬೇಕು ಅಂದಾಗ ಒಪ್ಪಿಕೊಂಡೆ. ಅಲ್ಲಿ ಬಳಸುವುದು ವಿಕಿರಣ ಸೂಸುವ ಇರಿಡಿಯಂ-192 ಸೋರ್ಸ್. ಕ್ಯಾಮೆರಾ ಅಂತ ನಾವು ಕರೆಯುವ ಭಾರದ ಪೆಟ್ಟಿಗೆಯೊಳಗೆ ಅದು ಕೂತಿರುತ್ತದೆ. ದೂರದಲ್ಲಿ ನಿಂತು ಕ್ರ್ಯಾಂಕ್ ತಿರುಗಿಸಿದರೆ ಗೈಡ್ ಟ್ಯೂಬ್‌ನೊಳಗೆ ಜಾರಿಕೊಂಡು ಪೈಪಿನ ಪಕ್ಕಕ್ಕೆ ಹೋಗುತ್ತದೆ. ಆಚೆ ಬದಿಗೆ ಕಟ್ಟಿದ ಫಿಲ್ಮ್ ಕಪ್ಪಾಗುತ್ತದೆ. ಸಮಯ ಮುಗಿದ ಮೇಲೆ ಸೋರ್ಸನ್ನು ವಾಪಸ್ ಸುತ್ತಿಕೊಳ್ಳಬೇಕು.

ಅವರ ಹತ್ತಿರ ಮೊದಲೇ ಒಂದು ಕನ್ನಡ ಹಾಳೆ ಇತ್ತು. ಯಾರೋ ಪಾಪ ಕಷ್ಟಪಟ್ಟು ಬರೆದಿದ್ದರು. ಅದರ ಎರಡನೇ ಸಾಲು ಹೀಗಿತ್ತು: ‘ಎಕ್ಸ್‌ಪೋಷರ್ ಸಮಯವನ್ನು ಸಾಧ್ಯವಾದಷ್ಟು ಕಡಿಮೆ ಮಾಡಿ.’ ಇಂಗ್ಲಿಷಿನಲ್ಲೂ ಅಷ್ಟೇ ಇದೆ, ತಪ್ಪೇನಿಲ್ಲ ಅನ್ನಿಸುತ್ತದೆ. ಒಬ್ಬ ಟ್ರೈನಿಗೆ ಅದನ್ನು ಓದಿಸಿ, ‘ಇದರಂತೆ ನೀನು ಏನು ಮಾಡ್ತೀಯಪ್ಪ?’ ಅಂತ ಕೇಳಿದೆ. ‘ಐದು ನಿಮಿಷದ ಶಾಟ್ ಇದ್ರೆ ಮೂರಕ್ಕೇ ಸೋರ್ಸ್ ಒಳಗೆ ತಗೋತೀನಿ ಸಾರ್’ ಅಂದ.

ಅವನು ಹೇಳಿದ್ದು ಅವನ ಲೆಕ್ಕದಲ್ಲಿ ಸರಿಯೇ. ಸೈಟಿನಲ್ಲಿ ಎಕ್ಸ್‌ಪೋಷರ್ ಟೈಮ್ ಅಂದರೆ ಫಿಲ್ಮಿಗೆ ಕೊಡುವ ಸಮಯ. ಅದನ್ನು ನಾವು ಇಷ್ಟಬಂದ ಹಾಗೆ ಕಡಿಮೆ ಮಾಡುವಂತಿಲ್ಲ. ಲೋಹದ ದಪ್ಪ, ಸೋರ್ಸ್‌ನಿಂದ ಫಿಲ್ಮಿಗಿರುವ ದೂರ, ಅವತ್ತು ಸೋರ್ಸ್ ಎಷ್ಟು ಜೋರಾಗಿದೆ ಅಂತ ಹೇಳುವ ಕ್ಯೂರಿ, ಫಿಲ್ಮಿನ ಜಾತಿ, ಇವು ಸೇರಿ ಅದನ್ನು ಗೊತ್ತುಮಾಡುತ್ತವೆ. ಐದು ನಿಮಿಷ ಬೇಕಾದ ಕಡೆ ಮೂರೇ ಕೊಟ್ಟರೆ ಫಿಲ್ಮ್ ತೆಳ್ಳಗೆ ಬರುತ್ತದೆ. ಫಿಲ್ಮಿನ ಕಪ್ಪನ್ನು ಅಳೆಯುವ ಡೆನ್ಸಿಟಿ 2 ದಾಟದಿದ್ದರೆ ಇನ್‌ಸ್ಪೆಕ್ಟರ್ ವಾಪಸ್ ಕಳಿಸುತ್ತಾರೆ. ಮತ್ತೆ ಐದು ನಿಮಿಷದ ಶಾಟ್ ಹೊಡೆಯಬೇಕು. ಅಲ್ಲಿಗೆ ಸೋರ್ಸ್ ಹೊರಗಿದ್ದದ್ದು ಎಂಟು ನಿಮಿಷ ಆಯಿತು. ಅದೂ ಅಲ್ಲದೆ ಅದನ್ನು ಎರಡು ಸಲ ಹೊರಗೆ ಕಳಿಸಿ ಎರಡು ಸಲ ಒಳಗೆ ಎಳೆದ ಹಾಗಾಯಿತು. ಕ್ರ್ಯಾಂಕ್ ಮಾಡುವಾಗ ಟ್ಯೂಬಿನಲ್ಲಿ ಓಡುವ ಸೋರ್ಸಿಗೆ ಯಾವ ತಡೆಯೂ ಇರುವುದಿಲ್ಲ. ಡೋಸ್, ಅಂದರೆ ಮೈಗೆ ಬೀಳುವ ವಿಕಿರಣ, ಕಡಿಮೆ ಮಾಡಲು ಬರೆದ ಸಾಲು ಅದನ್ನೇ ಜಾಸ್ತಿ ಮಾಡುತ್ತದೆ.

ಹಾಗಾಗಿ ಕನ್ನಡದಲ್ಲಿ ಆ ಒಂದು ಪದವನ್ನು ಎರಡಾಗಿ ಒಡೆದೆ. ಫಿಲ್ಮಿನದು ‘ಶಾಟ್ ಸಮಯ’. ಮನುಷ್ಯನದು ‘ನೀವು ಹತ್ತಿರ ಇರುವ ಸಮಯ’. ಸೂಚನೆ ಹೀಗಾಯಿತು: ‘ಶಾಟ್ ಸಮಯವನ್ನು ಚಾರ್ಟ್ ನೋಡಿ ಇಡಿ, ಅದನ್ನು ಕಡಿತ ಮಾಡಬೇಡಿ. ಸೋರ್ಸ್ ಹೊರಗಿರುವಾಗ ನೀವು ಹತ್ತಿರ ಇರುವ ಸಮಯವನ್ನು ಕಡಿಮೆ ಮಾಡಿ.’ ಒಂದು ಸಾಲು ಮೂರಾಯಿತು ಅಂತ ಆಫೀಸಿನವರು ಮೊದಲು ಗೊಣಗಿದರು. ಹಾಳೆ ಉದ್ದವಾದರೆ ಆಗಲಿ ಬಿಡಿ ಅಂದೆ.

ಆಮೇಲೆ ಸಿಕ್ಕಿದ್ದು ‘ಅರ್ಧಾಯು’. ಶಾಲೆಯ ವಿಜ್ಞಾನ ಪುಸ್ತಕದ ಪದ, ಬದಲಾಯಿಸುವ ಅಗತ್ಯ ಕಾಣಲಿಲ್ಲ. ಹಳೆ ಹಾಳೆಯಲ್ಲಿ ಅದರ ವಿವರಣೆ ಮಾತ್ರ ದಾರಿ ತಪ್ಪಿಸುತ್ತಿತ್ತು: ‘ಇರಿಡಿಯಂನ ಅರ್ಧ ಆಯಸ್ಸು 74 ದಿನ.’ ಅರ್ಧ ಆಯಸ್ಸು 74 ದಿನ ಆದರೆ ಪೂರ್ತಿ ಆಯಸ್ಸು 148 ದಿನ, ಅಲ್ವಾ? ಐದು ತಿಂಗಳಾದ ಸೋರ್ಸ್ ಸತ್ತುಹೋಗಿದೆ ಅಂತಲೇ ಯಾರಾದರೂ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ 40 ಕ್ಯೂರಿ ಇದ್ದದ್ದು 74 ದಿನಕ್ಕೆ 20 ಆಗುತ್ತದೆ, 148 ದಿನಕ್ಕೆ 10, 222 ದಿನಕ್ಕೆ 5. ಪ್ರತಿ ಸಲವೂ ಉಳಿದದ್ದರಲ್ಲಿ ಅರ್ಧ ಹೋಗುತ್ತದೆ, ಸೊನ್ನೆ ಮಾತ್ರ ಬರುವುದಿಲ್ಲ. ವಿವರಣೆಯ ಬದಲು 40, 20, 10, 5 ಅಂತ ತಾರೀಖಿನ ಸಮೇತ ಒಂದು ಚಿಕ್ಕ ಪಟ್ಟಿ ಹಾಕಿದೆ. ಅದನ್ನು ನೋಡಿದ ಮೇಲೆ ಯಾರೂ ‘ಪೂರ್ತಿ ಆಯಸ್ಸು’ ಅಂತ ಕೇಳಲಿಲ್ಲ.

ಇಲ್ಲಿ ಇನ್ನೂ ಒಂದು ವಿಷಯ ಇದೆ. ಇಂಗ್ಲಿಷ್ ಮೂಲದಲ್ಲಿ ಇದನ್ನು ಬಿಡಿಸಿ ಹೇಳಿರಲಿಲ್ಲ, ನಾನೇ ಸೇರಿಸಿದೆ. ಹಳೆಯ ಸೋರ್ಸ್ ಅಂದರೆ ಡೋಸ್ ಕಡಿಮೆ ಅಂತ ಹುಡುಗರು ನಿಶ್ಚಿಂತೆಯಿಂದ ಇರುತ್ತಾರೆ. ಲೆಕ್ಕ ಹಾಕಿ ನೋಡೋಣ. ಡೋಸ್ ಅಳೆಯುವುದು ಸೀವರ್ಟ್‌ನಲ್ಲಿ. ಇರಿಡಿಯಂ ಒಂದು ಕ್ಯೂರಿ ಇದ್ದರೆ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು 5 ಮಿಲಿಸೀವರ್ಟ್ ಕೊಡುತ್ತದೆ. 20 ಕ್ಯೂರಿಗೆ ಗಂಟೆಗೆ 100. ಸೋರ್ಸಿನಿಂದ ಹತ್ತು ಮೀಟರ್ ದೂರಕ್ಕೆ ಸರಿದರೆ ಅದು ನೂರರಲ್ಲಿ ಒಂದು ಪಾಲಾಗಿ ಗಂಟೆಗೆ 1 ಮಿಲಿಸೀವರ್ಟಿಗೆ ಇಳಿಯುತ್ತದೆ. ಕಿರಣವನ್ನು ಒಂದೇ ದಿಕ್ಕಿಗೆ ಬಿಡುವ ಕಾಲಿಮೇಟರ್ ಇಲ್ಲ, ನಡುವೆ ಗೋಡೆ ಇಲ್ಲ, ಐದು ನಿಮಿಷದ ಶಾಟ್ ಅಂದುಕೊಳ್ಳಿ. ಅಲ್ಲೇ ನಿಂತವನಿಗೆ ಸುಮಾರು 83 ಮೈಕ್ರೋಸೀವರ್ಟ್ ಬೀಳುತ್ತದೆ. 74 ದಿನ ಕಳೆದು ಸೋರ್ಸ್ 10 ಕ್ಯೂರಿ ಆಯಿತು. ಗಂಟೆಗೆ ಬರುವುದೂ ಅರ್ಧ ಆಯಿತು. ಆದರೆ ಅದೇ ಪೈಪಿಗೆ ಅದೇ ಕಪ್ಪು ಬರಬೇಕಾದರೆ ಈಗ ಹತ್ತು ನಿಮಿಷ ಬೇಕು. ಗುಣಿಸಿ ನೋಡಿದರೆ ಮತ್ತೆ ಅದೇ 83. ಫಿಲ್ಮಿಗೆ ಬೇಕಾದಷ್ಟು ವಿಕಿರಣ ಹೊರಗೆ ಬರಲೇಬೇಕಲ್ಲ, ನಿಂತವನಿಗೂ ಮೊದಲಿನಷ್ಟೇ ಬರುತ್ತದೆ.

ಒಂದು ರಾತ್ರಿಯಲ್ಲಿ ಹೀಗೆ ಹನ್ನೆರಡು ಶಾಟ್ ಹೊಡೆದರೆ 1 ಮಿಲಿಸೀವರ್ಟ್. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್. ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಕ್ರ್ಯಾಂಕ್ ಪಕ್ಕದಲ್ಲೇ ಬೀಡಿ ಹಚ್ಚಿಕೊಂಡು ನಿಂತರೆ ಈ ಮಿತಿ ಎಷ್ಟು ಬೇಗ ಮುಗಿಯುತ್ತದೆ ಅಂತ ಅವರೇ ಲೆಕ್ಕ ಹಾಕಿಕೊಂಡರು. ಸೋರ್ಸ್ ಹೊರಗೆ ಹೋದ ಮೇಲೆ ಮೂವತ್ತು ಮೀಟರ್ ಆಚೆಗೆ ನಡೆದು ಹೋದರೆ ಅದೇ ಶಾಟಿಗೆ 83ರ ಬದಲು ಸುಮಾರು 9. ‘ನಿಂತಲ್ಲೇ ನಿಲ್ಲಬೇಡಿ, ಕ್ರ್ಯಾಂಕ್ ಆದ ತಕ್ಷಣ ದೂರ ನಡೆಯಿರಿ’ ಅನ್ನುವ ಸಾಲಿನ ಪಕ್ಕದಲ್ಲೇ ಈ ಎರಡು ಅಂಕಿಗಳನ್ನು ಬರೆದೆ.

‘ಡೋಸ್’ ಪದವನ್ನು ಹಾಗೇ ಬಿಟ್ಟೆ. ‘ಪ್ರಮಾಣ’ ಅಂದರೆ ಯಾವುದರ ಪ್ರಮಾಣ ಅಂತ ಕೇಳುತ್ತಾರೆ. ‘ಡೋಸ್ ದರ’ ಅಂತ ಹಳೆ ಹಾಳೆಯಲ್ಲಿತ್ತು, ಅದನ್ನು ತೆಗೆದೆ. ದರ ಅಂದರೆ ನಮ್ಮ ಜನಕ್ಕೆ ರೇಟು, ಬೆಲೆ. ಬದಲಿಗೆ ‘ಗಂಟೆಗೆ ಎಷ್ಟು ಡೋಸ್’ ಮತ್ತು ‘ಒಟ್ಟು ಡೋಸ್’ ಅಂತ ಬರೆದೆ. ಸರ್ವೆ ಮೀಟರ್ ತೋರಿಸುವುದು ಮೊದಲನೆಯದು, ಎದೆಗೆ ಹಾಕಿಕೊಳ್ಳುವ ಬ್ಯಾಡ್ಜ್ ಕೂಡಿಡುವುದು ಎರಡನೆಯದು. ಬೈಕಿನಲ್ಲಿ ಸ್ಪೀಡ್ ತೋರಿಸುವ ಮುಳ್ಳು ಬೇರೆ, ಓಡಿದ ಕಿಲೋಮೀಟರ್ ತೋರಿಸುವ ಅಂಕಿ ಬೇರೆ ಅಂದರೆ ಸಾಕು, ತಟ್ಟನೆ ಹಿಡಿದುಕೊಳ್ಳುತ್ತಾರೆ. ಮೀಟರ್ ಪರದೆಯ `mSv/h` ಮತ್ತು `µSv/h` ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲೇ ದೊಡ್ಡದಾಗಿ ಅಚ್ಚು ಹಾಕಿಸಿದೆ. ಎರಡರ ನಡುವೆ ಸಾವಿರ ಪಟ್ಟು ವ್ಯತ್ಯಾಸ. ಕತ್ತಲಲ್ಲಿ ಟಾರ್ಚ್ ಹಿಡಿದು ನೋಡುವವನಿಗೆ ಕಾಣುವುದು ಆ ಮೊದಲ ಅಕ್ಷರವೊಂದೇ.

ವಿಕಿರಣಕ್ಕೆ ಅಡ್ಡ ಇಡುವ ಶೀಲ್ಡಿಂಗ್‌ಗೆ ಮೊದಲು ‘ಮರೆ’ ಅಂತ ಇಟ್ಟಿದ್ದೆ. ಕೇಳಲು ಚೆನ್ನಾಗಿತ್ತು. ಒಬ್ಬ ಹಿರಿಯ ಹೆಲ್ಪರ್ ಹಾಳೆ ಓದಿ, ‘ಶೀಟ್ ಮರೆಗೆ ನಿಂತ್ಕೊಂಡ್ರೆ ಆಯ್ತಲ್ಲ ಸಾರ್’ ಅಂದರು. ಅವರು ಹೇಳಿದ್ದು ಶೆಡ್ಡಿನ ತಗಡು. ಕಣ್ಣಿಗೆ ಕಾಣದ ಹಾಗೆ ನಿಂತರೆ ಮರೆ, ಆದರೆ ಗಾಮಾ ಕಿರಣಕ್ಕೆ ಅದು ಲೆಕ್ಕಕ್ಕಿಲ್ಲ. ಇರಿಡಿಯಂ ವಿಕಿರಣ ಅರ್ಧಕ್ಕೆ ಇಳಿಯಬೇಕಾದರೆ ಸುಮಾರು 13 ಮಿಲಿಮೀಟರ್ ಉಕ್ಕು ಬೇಕು, ಸೀಸ ಆದರೆ ಸುಮಾರು 5, ಕಾಂಕ್ರೀಟ್ ಆದರೆ ಸುಮಾರು 45. ಎರಡು ಮಿಲಿಮೀಟರ್ ತಗಡು ನೂರರಲ್ಲಿ ಸುಮಾರು ಹತ್ತನ್ನು ಮಾತ್ರ ತಡೆಯುತ್ತದೆ. ಹಾಗಾಗಿ ‘ಮರೆ’ ತೆಗೆದು ‘ತಡೆ’ ಅಂತ ಹಾಕಿ, ಜೊತೆಗೆ ದಪ್ಪವನ್ನು ಕಡ್ಡಾಯವಾಗಿ ಬರೆದೆ.

ಈ ದಪ್ಪಗಳಿಗೆ ಇಂಗ್ಲಿಷಿನಲ್ಲಿ ಇರುವ ಹೆಸರಿನಲ್ಲೂ ‘ಅರ್ಧ’ ಇದೆ. ಅರ್ಧಾಯು ಪಕ್ಕದಲ್ಲೇ ಇನ್ನೊಂದು ಅರ್ಧದ ಪದ ಬಂದರೆ ದಿನಕ್ಕೂ ಮಿಲಿಮೀಟರಿಗೂ ಕಲಸುಮೇಲೋಗರ ಆಗುತ್ತದೆ. ಅದಕ್ಕೆ ಹೊಸ ಪದ ಕಟ್ಟಲು ಹೋಗಲಿಲ್ಲ. ‘ಅರ್ಧಕ್ಕೆ ಇಳಿಸುವ ದಪ್ಪ’ ಅಂತ ಬಿಡಿಸಿ ಬರೆದೆ. ಎರಡು ದಪ್ಪ ಇಟ್ಟರೆ ಅರ್ಧ ಮತ್ತು ಅರ್ಧ ಸೇರಿ ಪೂರ್ತಿ ನಿಲ್ಲುತ್ತದೆ ಅನ್ನುವ ತಪ್ಪು ತಿಳಿವಳಿಕೆ ಇಲ್ಲೂ ಬರುತ್ತದೆ. ಎರಡಕ್ಕೆ ಕಾಲು ಭಾಗ ಉಳಿಯುತ್ತದೆ. ನಾಲ್ಕು, ಅಂದರೆ 20 ಮಿಲಿಮೀಟರ್ ಸೀಸ ಇಟ್ಟರೂ ಹದಿನಾರರಲ್ಲಿ ಒಂದು ಪಾಲು ದಾಟಿ ಬರುತ್ತದೆ.

ಕೊನೆಯ ಪುಟಕ್ಕೆ ಬಂದಾಗ ತೊಡಕು ವ್ಯಾಕರಣದ್ದು. ‘ಪ್ರತಿ ಎಕ್ಸ್‌ಪೋಷರ್ ನಂತರ ಕ್ಯಾಮೆರಾವನ್ನು ಸರ್ವೆ ಮಾಡತಕ್ಕದ್ದು.’ ಯಾರು ಮಾಡಬೇಕು? ಆ ಸಾಲಿನಲ್ಲಿ ಯಾರೂ ಇಲ್ಲ. ರೇಡಿಯೋಗ್ರಾಫರ್ ಮಾಡಿರ್ತಾನೆ ಅಂತ ಟ್ರೈನಿ, ಟ್ರೈನಿ ಮಾಡಿರ್ತಾನೆ ಅಂತ ರೇಡಿಯೋಗ್ರಾಫರ್ ಸುಮ್ನೆ ಇದ್ದುಬಿಡುತ್ತಾರೆ. ಅತ್ತ ಸೋರ್ಸ್ ಕೇಬಲ್ ಕೊಂಡಿಯಿಂದ ಬಿಟ್ಟುಕೊಂಡು ಟ್ಯೂಬಿನಲ್ಲೇ ಉಳಿದಿರಬಹುದು. ಕ್ರ್ಯಾಂಕ್ ಪೂರ್ತಿ ವಾಪಸ್ ಬಂದಿರುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಮೀಟರ್ ಒಂದೇ ಹೇಳಬೇಕು. 1999ರಲ್ಲಿ ಪೆರು ದೇಶದ ಯಾನಾಂಗೊದಲ್ಲಿ ಒಬ್ಬ ವೆಲ್ಡರ್ ಹೊರಗೆ ಬಿದ್ದಿದ್ದ ಇರಿಡಿಯಂ ಸೋರ್ಸನ್ನು ಏನೆಂದು ತಿಳಿಯದೆ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಅವನ ಕಾಲನ್ನೇ ಕತ್ತರಿಸಬೇಕಾಯಿತು.

ಆ ಸಾಲು ಈಗ ಹೀಗಿದೆ: ‘ಪ್ರತಿ ಶಾಟ್ ಮುಗಿದ ಮೇಲೆ ರೇಡಿಯೋಗ್ರಾಫರೇ ಮೀಟರ್ ಹಿಡಿದು ಮೊದಲು ಹೋಗಬೇಕು. ಕ್ಯಾಮೆರಾದ ಹತ್ತಿರ ಹೋಗುತ್ತಾ ಓದಿ. ಕ್ಯಾಮೆರಾ ಸುತ್ತ ನೋಡಿ. ಆಮೇಲೆ ಗೈಡ್ ಟ್ಯೂಬನ್ನು ತುದಿಯವರೆಗೆ ನೋಡಿ. ಅಲ್ಲಿಯವರೆಗೆ ಬೇರೆ ಯಾರೂ ಹಗ್ಗ ದಾಟಬಾರದು. ಓದಿಕೆ ಜಾಸ್ತಿ ಬಂದರೆ ಟ್ಯೂಬ್ ಮುಟ್ಟಬೇಡಿ, ಎಲ್ಲರನ್ನೂ ಹಿಂದೆ ಕಳಿಸಿ ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿ.’

ಅದರ ಕೆಳಗೆ ಇನ್ನೊಂದು ಸಾಲು ಇದೆ. ಮೀಟರ್ 0 ತೋರಿಸಿದರೆ ಸೋರ್ಸ್ ಒಳಗಿದೆ ಅಂತ ನಂಬಬೇಡಿ. ಬ್ಯಾಟರಿ ಸತ್ತರೂ 0. ಕೆಲವು ಹಳೆಯ ಮೀಟರ್‌ಗಳಲ್ಲಿ ವಿಕಿರಣ ವಿಪರೀತ ಆದಾಗಲೂ ಮುಳ್ಳು 0ಗೆ ಬಿದ್ದುಬಿಡುತ್ತದೆ. ಕ್ಯಾಮೆರಾ ಒಳಗೆ ಸೋರ್ಸ್ ಸರಿಯಾಗಿ ಕೂತಿದ್ದರೆ ಹೊರಮೈಯಲ್ಲಿ ಸ್ವಲ್ಪವಾದರೂ ಓದಿಕೆ ಬರಲೇಬೇಕು. ಅದು ಎಷ್ಟು ಅಂತ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ನೋಡಿ ಬರೆದಿಟ್ಟುಕೊಳ್ಳಲು ಪುಟದ ಅಂಚಿನಲ್ಲಿ ಒಂದು ಖಾಲಿ ಚೌಕ ಬಿಟ್ಟಿದ್ದೇನೆ.