ನೂರೈವತ್ತು ಗ್ರಾಂ ಡಬ್ಬಿಯಲ್ಲಿ ಎಷ್ಟು ಪ್ರೋಟೀನ್?

ಗದಗಿನ ನಮ್ಮ ಓಣಿಯಲ್ಲಿ ಹೊಸದಾಗಿ ಜಿಮ್ ಶುರುವಾದಾಗ, ಬೆಳಿಗ್ಗೆ ಅಲ್ಲಿಗೆ ಬರುವ ಹುಡುಗರಿಗೆ ಮೊಳಕೆ ಕಾಳಿನ ಪಚಡಿಯನ್ನು ಡಬ್ಬಿಯಲ್ಲಿ ಹಾಕಿ ಮಾರತೊಡಗಿದೆ. ಅರ್ಧ ಪಾಲು ಹೆಸರು, ಉಳಿದರ್ಧದಲ್ಲಿ ಮಡಕಿ ಹೆಚ್ಚು, ಕಡಲೆ ಸ್ವಲ್ಪ ಕಡಿಮೆ. ಒಂದು ಡಬ್ಬಿಗೆ 150 ಗ್ರಾಂ ಕಾಳು. ಹೆಸರುಕಾಳಿನ ಪೊಟ್ಟಣದ ಮೇಲೆ ನೂರು ಗ್ರಾಂಗೆ 24 ಗ್ರಾಂ ಪ್ರೋಟೀನ್ ಎಂದು ಅಚ್ಚಾಗಿತ್ತು. ಅದನ್ನೇ ಒಂದೂವರೆ ಪಟ್ಟು ಮಾಡಿ, ಮುಚ್ಚಳದ ಮೇಲೆ ಧೈರ್ಯವಾಗಿ 36 ಗ್ರಾಂ ಎಂದು ಬರೆದೆ.

ಎರಡನೆಯ ವಾರ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ಬಂದ. "ಅಕ್ಕಾ, ಇದರಲ್ಲಿ ನಾಲ್ಕೂವರೆ ಗ್ರಾಂ ಮಾತ್ರ ಇದೆ ಎಂದು ತೋರಿಸುತ್ತಿದೆಯಲ್ಲ?" ನನಗೆ ಮುಖ ತೋರಿಸಲು ಆಗಲಿಲ್ಲ. ಒಳಗೆ ಬಂದು ಅತ್ತೆಗೆ ಹೇಳಿದರೆ, "ನೀರು ಕುಡಿದು ಕಾಳು ಉಬ್ಬಿದರೆ ಸಾರವೂ ಉಬ್ಬುತ್ತದೆಯೇನವ್ವಾ?" ಎಂದರು. ಆ ಮಾತಿನಿಂದಲೇ ನನ್ನ ತಪ್ಪು ಹೊಳೆಯಿತು. ಪೊಟ್ಟಣದ ಅಂಕಿ ಒಣ ಕಾಳಿನದು. ನಾನು ತೂಗುತ್ತಿದ್ದದ್ದು ನೀರು ಕುಡಿದ ಕಾಳನ್ನು.

ಹುಡುಗನ ಅಂಕಿಯೂ ಸರಿ ಇರಲಿಲ್ಲ. ನೂರು ಗ್ರಾಂಗೆ 3 ಗ್ರಾಂ ಪ್ರೋಟೀನ್, 30 ಕ್ಯಾಲರಿ ಎಂಬುದು ಚೀನೀ ಅಡುಗೆಯಲ್ಲಿ ಬಳಸುವ, ಬೆರಳುದ್ದ ಬೆಳೆದ ಬಿಳಿ ಮೊಳಕೆಯ ಲೆಕ್ಕ. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರೇ. ನಾವು ಬಟ್ಟೆಯಲ್ಲಿ ಕಟ್ಟಿ, ಅಕ್ಕಿಕಾಳಿನಷ್ಟು ಬಾಲ ಬಂದೊಡನೆ ಬಿಚ್ಚುವ ಕಾಳು ಅದಕ್ಕಿಂತ ಬಹಳ ಗಟ್ಟಿ.

ಅಂದೇ ತಕ್ಕಡಿ ಹಿಡಿದು ಕುಳಿತೆ. ಒಣ ಕಾಳು 100 ಗ್ರಾಂ: ಹೆಸರು 50, ಮಡಕಿ 30, ಕಡಲೆ 20. ಮೂರೂ ಸೇರಿ ಸುಮಾರು 350 ಕ್ಯಾಲರಿ, 23 ಗ್ರಾಂ ಪ್ರೋಟೀನ್. ರಾತ್ರಿ ನೆನೆಸಿ, ಮರುದಿನ ಕಟ್ಟಿ ಮೊಳಕೆ ಬಂದ ಮೇಲೆ ತೂಗಿದೆ: 220 ಗ್ರಾಂ. ಇನ್ನೊಂದು 100 ಗ್ರಾಂ ಕಾಳನ್ನು ಅದೇ ರೀತಿ ನೆನೆಸಿ, ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ ಬಸಿದೆ: 280 ಗ್ರಾಂ. ಎರಡು ಪಾತ್ರೆಯಲ್ಲೂ ಇದ್ದದ್ದು ಹೆಚ್ಚುಕಡಿಮೆ ಅದೇ 23 ಗ್ರಾಂ ಪ್ರೋಟೀನ್. ಆದರೆ 150 ಗ್ರಾಂ ಅಳೆದು ಡಬ್ಬಿಗೆ ಹಾಕಿದಾಗ, ಹಸಿ ಮೊಳಕೆಯ ಡಬ್ಬಿಗೆ 68 ಗ್ರಾಂ ಒಣ ಕಾಳು ಹೋಗುತ್ತದೆ; ಅಂದರೆ ಸುಮಾರು 240 ಕ್ಯಾಲರಿ, 16 ಗ್ರಾಂ ಪ್ರೋಟೀನ್. ಬೆಂದ ಡಬ್ಬಿಗೆ ಹೋಗುವುದು 54 ಗ್ರಾಂ ಮಾತ್ರ. 190 ಕ್ಯಾಲರಿ, 12 ಗ್ರಾಂ. ಬೇಯಿಸಿದ್ದರಿಂದ ಪ್ರೋಟೀನ್ ಸುಟ್ಟುಹೋಯಿತು ಎಂದು ಹೇಳುವವರಿದ್ದಾರೆ. ಅದು ಎಲ್ಲಿಗೂ ಹೋಗುವುದಿಲ್ಲ, ನೀರಿನ ಪಾಲು ಹೆಚ್ಚುತ್ತದೆ ಅಷ್ಟೇ. ಬಸಿದ ನೀರನ್ನು ಚೆಲ್ಲಿದರೆ ಚೂರುಪಾರು ಅದರೊಂದಿಗೆ ಹೋಗುತ್ತದೆ. ನಮ್ಮ ಮನೆಯಲ್ಲಿ ಅದು ಸಾರಿಗೆ ಸೇರುತ್ತದೆ.

ಮೊಳಕೆ ಬರಿಸಿದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎಂಬ ಮಾತನ್ನೂ ಕೇಳಿದ್ದೇನೆ. ಕಾಳು ಮೊಳೆಯುವಾಗ ತನ್ನೊಳಗಿನ ಪಿಷ್ಟವನ್ನು ಸ್ವಲ್ಪ ಉರಿಸಿಕೊಳ್ಳುತ್ತದೆ. ಅದರಿಂದ ಒಣ ತೂಕದಲ್ಲಿ ಪ್ರೋಟೀನಿನ ಪಾಲು ತುಸು ದೊಡ್ಡದಾಗಿ ಕಾಣುತ್ತದೆ. ಕಾಳೊಳಗೆ ಹೊಸ ಪ್ರೋಟೀನ್ ಎಲ್ಲಿಂದಲೋ ಬಂದು ಸೇರುವುದಿಲ್ಲ.

ಹಾಗಾದರೆ ಹಸಿ ಡಬ್ಬಿಯೇ ಲಾಭವಲ್ಲವೇ ಎಂದು ನಾನೂ ಮೊದಲು ಅಂದುಕೊಂಡೆ. ಬೇಸಿಗೆಯಲ್ಲಿ ಇಬ್ಬರು ಹೊಟ್ಟೆ ಕೆಟ್ಟಿತು ಎಂದು ಹೇಳಿದ ಮೇಲೆ ಆ ಆಸೆ ಬಿಟ್ಟೆ. ಮೊಳಕೆಗೆ ಬೇಕಾದ ಬಿಸಿಯೂ ತೇವವೂ ರೋಗಾಣುಗಳಿಗೂ ಬೇಕಾದದ್ದೇ. ಕಾಳು ಜಾರುವಂತೆ ಲೋಳೆಯಾದರೆ, ಹುಳಿ ವಾಸನೆ ಬಂದರೆ ಎಸೆಯುತ್ತೇನೆ. ಆದರೆ ರೋಗಾಣು ಇದ್ದರೂ ವಾಸನೆ ಬಾರದಿರಬಹುದು, ಅದೇ ತೊಂದರೆ. ಮೇಲಾಗಿ ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಪದಾರ್ಥಗಳಿರುತ್ತವೆ, ಶಾಖಕ್ಕೆ ಅವು ಬಹುಪಾಲು ಕೆಡುತ್ತವೆ. ತೂಕದಲ್ಲಿ ಕಡಿಮೆ ಕಂಡರೂ ಬೆಂದ ಕಾಳು ಮೈಗೆ ಹತ್ತುತ್ತದೆ. ರಾಜ್ಮಾ ಸೇರಿಸಿ ಎಂದು ಕೇಳುವವರಿಗೆ ಮಾತ್ರ ಕಡ್ಡಿ ಮುರಿದಂತೆ ಹೇಳುತ್ತೇನೆ: ಅದನ್ನು ನೆನೆಸಿ ಹಸಿಯಾಗಿ ತಿಂದರೆ ವಾಂತಿ ಖಂಡಿತ, ಚೆನ್ನಾಗಿ ಕುದಿಸಲೇಬೇಕು.

ಈಗ ಹೆಸರು, ಮಡಕಿಯ ಮೊಳಕೆಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಎಂಟು ನಿಮಿಷ ಇಡುತ್ತೇನೆ, ಕಡಲೆಯನ್ನು ಬೇರೆಯಾಗಿ ಕುಕ್ಕರಿನಲ್ಲಿ ಬೇಯಿಸುತ್ತೇನೆ. ಹಬೆಯಲ್ಲಿ ಕಾಳು ಅಷ್ಟಾಗಿ ನೀರು ಕುಡಿಯುವುದಿಲ್ಲ, ಕಚಕಚ ಎನ್ನುವ ಗುಣವೂ ಉಳಿಯುತ್ತದೆ. ಲೆಕ್ಕಕ್ಕೆ ತೂಗುವುದು ಮಾತ್ರ ಕಾಳನ್ನು ನೆನೆಹಾಕುವ ಮೊದಲು. ಹತ್ತು ಡಬ್ಬಿಗೆ 600 ಗ್ರಾಂ ಒಣ ಕಾಳು. ಬೆಂದದ್ದೆಲ್ಲವನ್ನೂ ತೂಗಿ ಹತ್ತು ಪಾಲು ಮಾಡಿದರೆ, ಡಬ್ಬಿಗೆ 60 ಗ್ರಾಂ ಒಣ ಕಾಳಿನ 210 ಕ್ಯಾಲರಿ, ಸುಮಾರು 14 ಗ್ರಾಂ ಪ್ರೋಟೀನ್. ಬೆಂದ ತೂಕ ಇಂದು 130, ನಾಳೆ 150 ಆದರೂ ಲೆಕ್ಕ ಕದಲುವುದಿಲ್ಲ.

ಇನ್ನು ಈರುಳ್ಳಿ, ಸೌತೆಕಾಯಿ, ನಿಂಬೆರಸ ಸೇರಿ ಹದಿನೈದು ಕ್ಯಾಲರಿಯೂ ದಾಟಲಿಕ್ಕಿಲ್ಲ. ಮೇಲೆ ಉದುರಿಸುವ ಶೇಂಗಾ ಪುಡಿಯನ್ನು ಮಾತ್ರ ಕಣ್ಣಳತೆಯಲ್ಲಿ ಹಾಕಬಾರದು. 15 ಗ್ರಾಂ ಪುಡಿಗೆ 85 ಕ್ಯಾಲರಿ, ಪ್ರೋಟೀನ್ ಬರುವುದು ನಾಲ್ಕೇ ಗ್ರಾಂ. ಆ ಹುಡುಗ ಈಗಲೂ ಬರುತ್ತಾನೆ. ಮುಚ್ಚಳದ ಮೇಲಿನ 310 ಮತ್ತು 18 ಓದಿ, "ಅಕ್ಕಾ, ಪುಡಿ ಇನ್ನೊಂದು ಚಮಚ ಹಾಕಿ" ಎನ್ನುತ್ತಾನೆ. ಹಾಕುತ್ತೇನೆ, 310 ಹೊಡೆದು ಹಾಕಿ 340 ಬರೆಯುತ್ತೇನೆ.